ಲ್ಯಾಬಿಗೆ ಎಸ್‌ಎಸ್‌ಡಿ ಕೇಳೋದಾ, ರ‍್ಯಾಮ್ ಕೇಳೋದಾ, ಎರಡೂ ಕೇಳೋದಾ? ಪ್ರಾಂಶುಪಾಲರಿಗೆ ಪತ್ರ ಬರೆಯುವ ಮುಂಚೆ

ಕಳೆದ ಮಳೆಗಾಲದಲ್ಲಿ ನಮ್ಮ ಬಿಸಿಎ ಲ್ಯಾಬಿನಲ್ಲಿ ದಿನಾ ನಡೆಯುತ್ತಿದ್ದದ್ದು ಇಷ್ಟೇ. ಮಕ್ಕಳು ಬರುತ್ತಾರೆ, ಪವರ್ ಬಟನ್ ಒತ್ತುತ್ತಾರೆ, ಒದ್ದೆ ಕೊಡೆಗಳನ್ನು ಬಾಗಿಲ ಮೂಲೆಗೆ ಇಟ್ಟು ಬಂದು ಕೂರುತ್ತಾರೆ, ನಾನು ಹಾಜರಿ ಕೂಗಿ ಮುಗಿಸುತ್ತೇನೆ, ಆದರೂ ಪರದೆ ಮೇಲೆ ಆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಒಂದು ದಿನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ನೋಡಿದೆ. ಬಟನ್ ಒತ್ತಿದಾಗಿನಿಂದ ಎಡಿಟರ್ ತೆರೆದು ಮೊದಲ ಸಾಲು ಟೈಪ್ ಮಾಡುವವರೆಗೆ 4 ನಿಮಿಷ 40 ಸೆಕೆಂಡ್. ಅಷ್ಟರಲ್ಲಿ ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಗಳು ಎರಡು ನಿಮಿಷ ಕುಂಯ್‌ಗುಟ್ಟಿ ಸುಮ್ಮನಾದವು. ಕರೆಂಟ್ ಬಂದ ಮೇಲೆ ಮತ್ತೆ ಮೊದಲಿನಿಂದ.

ಆಮೇಲೆ ನಾನು ಪ್ರಸ್ತಾವನೆ ಬರೆದೆ, ಮಂಜೂರಾಯಿತು, ಕೆಲಸವೂ ಮುಗಿಯಿತು. ಸುದ್ದಿ ತಿಳಿದ ಸೋಮವಾರಪೇಟೆ ಕಡೆಯ ಒಬ್ಬರು, ಗೋಣಿಕೊಪ್ಪದ ಕಡೆಯ ಇನ್ನೊಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಸಾರ್, ಪತ್ರದಲ್ಲಿ ಏನು ಕೇಳೋದು? ಎಸ್‌ಎಸ್‌ಡಿ ಮಾತ್ರ ಸಾಕಾ, ರ‍್ಯಾಮ್ ಸಹ ಬೇಕಾ, ಇಲ್ಲ ಹೊಸ ಕಂಪ್ಯೂಟರನ್ನೇ ಕೇಳಿಬಿಡೋದಾ?" ಫೋನಿನಲ್ಲಿ ಎರಡು ಸಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಯಾವುದನ್ನು ಕೇಳಬೇಕು ಅನ್ನುವುದಕ್ಕೆ ನಾನು ನಾಲ್ಕು ವಿಷಯ ನೋಡುತ್ತೇನೆ. ಯಂತ್ರ ಯಾವುದಕ್ಕೋಸ್ಕರ ಕಾಯುತ್ತಿದೆ, ಬೋರ್ಡಿನಲ್ಲಿ ಏನು ಕೂರುತ್ತದೆ, ಇನ್ನೆಷ್ಟು ವರ್ಷ ಈ ಯಂತ್ರ ಬೇಕು, ಆ ಕೋಣೆಯಲ್ಲಿ ಯಾವ ತಂತ್ರಾಂಶ ಓಡಬೇಕು. ಬೆಲೆ ಆಮೇಲೆ. ಬೆಲೆಯಿಂದ ಶುರು ಮಾಡಿದರೆ ಅಂಗಡಿಯವರು ಕೊಟ್ಟದ್ದನ್ನೇ ತಂದುಬಿಡುತ್ತೇವೆ.

ಮೊದಲನೆಯದು ಅತಿ ಮುಖ್ಯ, ಅದನ್ನು ಊಹೆ ಮಾಡಬೇಡಿ. ಒಂದು ಯಂತ್ರಕ್ಕೆ Restart ಕೊಡಿ. Shut down ಬೇಡ, ಯಾಕೆಂದರೆ ವಿಂಡೋಸ್ 10 ಸಾಮಾನ್ಯವಾಗಿ ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಗೆ ಹೋಗುತ್ತದೆ, ಅಳತೆ ಸುಳ್ಳಾಗುತ್ತದೆ. ಲಾಗಿನ್ ಆದ ತಕ್ಷಣ Task Manager ತೆರೆದು Performance ಪುಟ ನೋಡಿ. Disk 100% ಹತ್ತಿರ ನಿಂತು Memory 50–60%ರಲ್ಲಿ ಇದ್ದರೆ ಯಂತ್ರ ಹಾರ್ಡ್ ಡಿಸ್ಕಿಗೆ ಕಾಯುತ್ತಿದೆ. ಈಗ ಮಕ್ಕಳು ನಿಜವಾಗಿ ತೆರೆಯುವುದನ್ನೆಲ್ಲ ತೆರೆಯಿರಿ: ಬ್ರೌಸರಿನಲ್ಲಿ ನಾಲ್ಕು ಟ್ಯಾಬ್, ಎಡಿಟರ್, ಡೇಟಾಬೇಸ್. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. Memory 90% ದಾಟಿದ್ದು, Disk ಇನ್ನೂ ಇಳಿಯದಿದ್ದರೆ ರ‍್ಯಾಮ್ ಸಾಲದೆ ಡಿಸ್ಕನ್ನೇ ರ‍್ಯಾಮ್ ಥರ ಬಳಸುತ್ತಿದೆ ಎಂದು ಅರ್ಥ. ಲಿನಕ್ಸ್ ಲ್ಯಾಬ್ ಆದರೆ ಇದನ್ನು ಓಡಿಸಿ:

```
vmstat 5
```

ಇದರಲ್ಲಿ `si` ಮತ್ತು `so` ಕಾಲಂಗಳನ್ನು ನೋಡಿ. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಯಂತ್ರ ಆನ್ ಆದಾಗಿನಿಂದಿನ ಸರಾಸರಿ. ಮುಂದಿನ ಸಾಲುಗಳಲ್ಲಿ ಸೊನ್ನೆ ಇದ್ದರೆ ರ‍್ಯಾಮ್ ಸಾಕು, ಬಿಡದೆ ಸಂಖ್ಯೆ ಬರುತ್ತಿದ್ದರೆ ಸಾಲದು.

ಎರಡನೆಯದು, ಬೋರ್ಡ್. ನಾನು ಎಡವಿದ್ದು ಇಲ್ಲೇ. ನಮ್ಮ ಲ್ಯಾಬಿನ 30 ಡಬ್ಬಗಳೂ ಹೊರಗಿಂದ ಒಂದೇ ಥರ. ಒಂದನ್ನು ತೆರೆದು ನೋಡಿ, ಎಲ್ಲ ಹಾಗೇ ಅಂದುಕೊಂಡೆ. ತೆರೆಯುತ್ತಾ ಹೋದರೆ 22ರಲ್ಲಿ 4 ಜಿಬಿಯ ಒಂದು ಕಡ್ಡಿ ಮತ್ತು ಪಕ್ಕದ ಸ್ಲಾಟ್ ಖಾಲಿ, ಉಳಿದ 8ರಲ್ಲಿ 2 ಜಿಬಿಯ ಎರಡು ಕಡ್ಡಿ, ಎರಡೂ ಸ್ಲಾಟ್ ಭರ್ತಿ! ಅಂದರೆ ಆ 8ಕ್ಕೆ ಇನ್ನೊಂದು ಕಡ್ಡಿ ಸೇರಿಸಲು ಜಾಗವೇ ಇಲ್ಲ. ಎರಡನ್ನೂ ಕಿತ್ತು 8 ಜಿಬಿಯ ಒಂದೇ ಕಡ್ಡಿ ಹಾಕಬೇಕು, ಖರ್ಚು ಬೇರೆ. ಡಬ್ಬ ತೆರೆಯದೆ ತಿಳಿಯಬೇಕಾದರೆ ಪವರ್‌ಶೆಲ್‌ನಲ್ಲಿ:

```
Get-CimInstance Win32_PhysicalMemory |
  Select-Object DeviceLocator, Capacity, SMBIOSMemoryType
```

ಕೊನೆಯ ಕಾಲಂನಲ್ಲಿ 24 ಬಂದರೆ ಡಿಡಿಆರ್3, 26 ಬಂದರೆ ಡಿಡಿಆರ್4. ಕೆಲವು ಬೋರ್ಡ್ ಸುಮ್ನೆ 0 ತೋರಿಸುತ್ತವೆ, ಆಗ ತೆರೆದು ಸ್ಟಿಕರ್ ಓದುವುದೇ ದಾರಿ. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ. ಪುಟ್ಟ ಡಬ್ಬದ ಡೆಸ್ಕ್‌ಟಾಪ್‌ಗಳಲ್ಲಿ ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ ಇರಬಹುದು, ಅದನ್ನೂ ನೋಡಿಕೊಳ್ಳಿ.

ಮೂರು ಮತ್ತು ನಾಲ್ಕು ಒಟ್ಟಿಗೇ ಬರುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಬೇಕು. ನಿಮ್ಮದು 4ನೇ ತಲೆಮಾರಿನದಾದರೆ ಎಷ್ಟೇ ಎಸ್‌ಎಸ್‌ಡಿ, ರ‍್ಯಾಮ್ ಹಾಕಿದರೂ ಅಧಿಕೃತವಾಗಿ ವಿಂಡೋಸ್ 11 ಬರುವುದಿಲ್ಲ. ಪತ್ರದಲ್ಲಿ ಇದನ್ನು ಮುಚ್ಚಿಡಬೇಡಿ. ಪ್ರಾಂಶುಪಾಲರಿಗೆ ಬೇರೆ ಯಾರೋ ಹೇಳಿಯೇ ಹೇಳುತ್ತಾರೆ, ಆಗ ನಿಮ್ಮ ಇಡೀ ಪ್ರಸ್ತಾವನೆ ಮೇಲೇ ಅನುಮಾನ ಬರುತ್ತದೆ.

ರ‍್ಯಾಮ್ ಮಾತ್ರ

ಇದನ್ನು ಬೇಗ ಮುಗಿಸುತ್ತೇನೆ. ಹಾರ್ಡ್ ಡಿಸ್ಕ್ ಹಾಗೇ ಬಿಟ್ಟು 4 ಜಿಬಿಯನ್ನು 8 ಮಾಡಿದರೆ ಬೂಟ್ ಆಗುವ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಾನು ಒಂದು ಯಂತ್ರಕ್ಕೆ ಹಾಕಿ ನೋಡಿದಾಗ 4:40 ಇದ್ದದ್ದು 4:10 ಆಯಿತು, ಅಷ್ಟೇ. ತೆರೆದ ಮೇಲೆ ಕೆಲಸ ಸಲೀಸು ನಿಜ, ಆದರೆ ಪದೇಪದೇ ಕರೆಂಟ್ ಹೋಗುವ ನಮ್ಮ ಕಡೆ ಬೂಟ್ ಆಗುವುದೇ ದೊಡ್ಡ ಕೆಲಸ ಅಲ್ವಾ. ಮೇಲಾಗಿ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ನೀವು ಆಗಲೇ ಎಸ್‌ಎಸ್‌ಡಿ ಹಾಕಿಸಿದ್ದರೆ ಮಾತ್ರ ಇದು ಸರಿಯಾದ ಬೇಡಿಕೆ.

ಎಸ್‌ಎಸ್‌ಡಿ ಮಾತ್ರ

ಬಜೆಟ್ ತೀರಾ ಕಡಿಮೆ ಇದ್ದರೆ ನನ್ನ ಓಟು ಇದಕ್ಕೆ. ಯಾಕೆಂದರೆ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಜಾಗಕ್ಕೆ ಓಡಾಡಬೇಕು. ಬೇರೆಬೇರೆ ಕಡೆ ಚದುರಿದ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಓದುತ್ತದೆ. ಎಸ್‌ಎಸ್‌ಡಿ ಅದನ್ನು ಸಾವಿರಗಟ್ಟಲೆ ಲೆಕ್ಕದಲ್ಲಿ ಓದುತ್ತದೆ. ಬೂಟ್ ಆಗುವಾಗ ನಡೆಯುವುದು ಹೆಚ್ಚಾಗಿ ಇಂಥ ಚೂರುಪಾರು ಓದೇ. ಹಾಗಾಗಿ ನಮ್ಮ ಅದೇ ಯಂತ್ರದಲ್ಲಿ, ಅದೇ 4 ಜಿಬಿ ರ‍್ಯಾಮಿನಲ್ಲಿ, ಎಸ್‌ಎಸ್‌ಡಿ ಹಾಕಿ ಹೊಸದಾಗಿ ವಿಂಡೋಸ್ ಹಾಕಿದ ಮೇಲೆ 52 ಸೆಕೆಂಡಿಗೆ ಎಡಿಟರ್ ತೆರೆಯಿತು.

ಯಾವ ಎಸ್‌ಎಸ್‌ಡಿ ಅನ್ನುವುದರಲ್ಲಿ ಅಂಗಡಿಯವರು ಗೊಂದಲ ಮಾಡಿಬಿಡುತ್ತಾರೆ. "ಎನ್‌ವಿಎಂಇ ಹಾಕಿ ಸಾರ್, ಐದು ಪಟ್ಟು ಸ್ಪೀಡ್" ಅನ್ನುತ್ತಾರೆ. ಹಳೆಯ ಬೋರ್ಡಿನಲ್ಲಿ ಅದಕ್ಕೆ ಸ್ಲಾಟೇ ಇರುವುದಿಲ್ಲ, ಕಾರ್ಡ್ ಹಾಕಿ ಕೂರಿಸಿದರೂ ಎಷ್ಟೋ ಬೋರ್ಡ್‌ಗಳು ಅದರಿಂದ ಬೂಟ್ ಆಗುವುದಿಲ್ಲ. ಲ್ಯಾಬಿಗೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಎಚ್61 ಥರದ ಬೋರ್ಡಿನಲ್ಲಿ ಸಾಟಾ ಪೋರ್ಟಿನ ವೇಗವೇ ಅರ್ಧ, ಆದರೂ ಚಿಂತೆ ಬೇಡ. ನಮಗೆ ಲಾಭ ಬರುವುದು ಆ ಓಡಾಟ ತಪ್ಪಿದ್ದರಿಂದ, ಪೋರ್ಟಿನ ಗರಿಷ್ಠ ವೇಗದಿಂದ ಅಲ್ಲ. 240 ಅಥವಾ 256 ಜಿಬಿ ಸಾಕು. ಮಕ್ಕಳು ಅದರಲ್ಲಿ ಸಿನಿಮಾ ತುಂಬಿಸದಿದ್ದರೆ 120 ಸಹ ಸಾಕು, ಆದರೆ ಬೆಲೆಯಲ್ಲಿ ಅಷ್ಟೇನೂ ಉಳಿಯುವುದಿಲ್ಲ.

ಇದರ ಕೊರತೆ ಏನು? ರ‍್ಯಾಮ್ ಸಾಲದೇ ಹೋದಾಗ ಯಂತ್ರ ಎಸ್‌ಎಸ್‌ಡಿಗೆ ಬರೆಯುತ್ತಾ ಕೂರುತ್ತದೆ. ವೇಗ ಇರುವುದರಿಂದ ಯಾರಿಗೂ ಅಷ್ಟಾಗಿ ಗೊತ್ತಾಗುವುದಿಲ್ಲ, ಕೊರತೆ ಮಾತ್ರ ಹಾಗೇ ಇರುತ್ತದೆ. ಬರೆದು ಬರೆದು ಎಸ್‌ಎಸ್‌ಡಿ ಸವೆಯುತ್ತದೆ ಎಂದು ನಮ್ಮ ಕಚೇರಿಯಲ್ಲೂ ಒಬ್ಬರು ಹೆದರಿಸಿದರು. ಲೆಕ್ಕ ಹಾಕಿ ತೋರಿಸಿದೆ: 80 ಟಿಬಿ ಬರೆಯುವಷ್ಟು ಬಾಳಿಕೆ ಕೊಟ್ಟ ಡ್ರೈವಿಗೆ ದಿನಕ್ಕೆ 20 ಜಿಬಿ ಬರೆದರೂ 4000 ದಿನ, ಅಂದರೆ ಸುಮಾರು 11 ವರ್ಷ. ಅಷ್ಟರಲ್ಲಿ ಬೋರ್ಡೇ ಹೋಗಿರುತ್ತದೆ.

ಸಿ, ಪೈಥಾನ್, ಆಫೀಸ್, ಟ್ಯಾಲಿ ಇಷ್ಟೇ ಓಡುವ ಕೋಣೆಗೆ ಎಸ್‌ಎಸ್‌ಡಿ ಮಾತ್ರ ಸಾಕು ಅಂತಲೇ ನಾನು ಹೇಳುವುದು. ಬ್ರೌಸರ್ ಜಾಸ್ತಿ ತೆರೆಯುವ ಕೋಣೆಗೆ ಸಾಲದು.

ಎರಡೂ, ಆದರೆ ಎಲ್ಲಕ್ಕೂ ಬೇಡ

ಎಲ್ಲ ಯಂತ್ರಕ್ಕೂ ಎಸ್‌ಎಸ್‌ಡಿ, ಎಲ್ಲಕ್ಕೂ 8 ಜಿಬಿ. ಕೇಳಲು ಚೆಂದ, ಹಣ ಇದ್ದರೆ ಮಾಡಿ. ಇಲ್ಲದಿದ್ದರೆ ಎಸ್‌ಎಸ್‌ಡಿ ಎಲ್ಲಕ್ಕೂ, ರ‍್ಯಾಮ್ ಬೇಕಾದ ಯಂತ್ರಗಳಿಗೆ ಮಾತ್ರ ಎಂದು ಕೇಳಿ. ನಾವು ಮಾಡಿದ್ದು ಇದನ್ನೇ. ಆಂಡ್ರಾಯ್ಡ್ ಮತ್ತು ಜಾವಾ ಪ್ರಾಕ್ಟಿಕಲ್ ಬ್ಯಾಚುಗಳಿಗೆ ಒಂದು ಸಾಲಿನ 12 ಯಂತ್ರಗಳನ್ನು ಮೀಸಲಿಟ್ಟು ಅವಕ್ಕೆ ಮಾತ್ರ ರ‍್ಯಾಮ್ ಹಾಕಿಸಿದೆವು. ಆ 12ನ್ನು ಆರಿಸಿದ್ದು ಖಾಲಿ ಸ್ಲಾಟ್ ಇದ್ದ 22ರಿಂದ, ಆ ಎಂಟು ತಾಪತ್ರಯದ ಡಬ್ಬಗಳಿಗೆ ಕೈ ಹಾಕಲಿಲ್ಲ. ಆಂಡ್ರಾಯ್ಡ್ ಸ್ಟುಡಿಯೋಗೆ 8 ಜಿಬಿಯೂ ಬಿಗಿಯೇ, ಎಮ್ಯುಲೇಟರ್ ಬಿಟ್ಟು ಮಕ್ಕಳ ಫೋನನ್ನೇ ಕೇಬಲ್‌ನಲ್ಲಿ ಜೋಡಿಸಿ ಓಡಿಸುತ್ತೇವೆ.

ರ‍್ಯಾಮ್ ಕೊಳ್ಳುವಾಗ ಒಂದು ಬಲೆ ಇದೆ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ 8 ಜಿಬಿಯ ಡಿಡಿಆರ್3 ಕಡ್ಡಿಗಳಲ್ಲಿ ಕೆಲವು ಎಎಂಡಿ ಬೋರ್ಡಿನಲ್ಲಿ ಮಾತ್ರ ಓಡುತ್ತವೆ. ಇಂಟೆಲ್ ಬೋರ್ಡಿಗೆ ಹಾಕಿದರೆ ಬೀಪ್ ಬೀಪ್, ಪರದೆ ಕಪ್ಪು. ಕೊಟೇಶನ್‌ನಲ್ಲೇ "ಇಂಟೆಲ್ ಬೋರ್ಡಿನಲ್ಲಿ ಓಡದಿದ್ದರೆ ವಾಪಸ್" ಎಂದು ಬರೆಸಿಕೊಳ್ಳಿ. ಆದರೆ ಬೀಪ್ ಬಂದ ಕೂಡಲೇ ಕಡ್ಡಿಯನ್ನೇ ಬಯ್ಯಬೇಡಿ. ನಮ್ಮ ತೇವಕ್ಕೆ ಹಳೆಯ ಕಡ್ಡಿಯ ಚಿನ್ನದ ಹಲ್ಲುಗಳ ಮೇಲೆ ಮಬ್ಬು ಕಟ್ಟಿರುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ನಮ್ಮಲ್ಲಿ ಸತ್ತಿದೆ ಎಂದು ಬದಿಗಿಟ್ಟಿದ್ದ ಮೂರು ಯಂತ್ರಗಳು ಹೀಗೇ ಎದ್ದು ಕೂತವು.

ಹೊಸ ಯಂತ್ರಗಳು

ಕಾಮರ್ಸ್ ಲ್ಯಾಬಿನಲ್ಲಿ ಟ್ಯಾಲಿ ಬೇಕು, ಅದಕ್ಕೆ ವಿಂಡೋಸ್ ಬೇಕು, ಇಂಟರ್ನೆಟ್ಟೂ ಬೇಕು ಎಂದಾದರೆ ಬೆಂಬಲ ಮುಗಿದ ವಿಂಡೋಸಿನಲ್ಲಿ ವರ್ಷಗಟ್ಟಲೆ ನಡೆಸುವುದು ಸರಿಯಲ್ಲ. ಅಂಥ ಕೋಣೆಗೆ ಹೊಸದನ್ನೇ ಕೇಳಿ, ಬೇಕಾದರೆ ವರ್ಷಕ್ಕೆ ಹತ್ತರಂತೆ. ಬಿಸಿಎ ಕೋಣೆಯ ಕಥೆ ಬೇರೆ. ಸಿ, ಜಾವಾ, ಪೈಥಾನ್, ಮೈಎಸ್‌ಕ್ಯೂಎಲ್ ಎಲ್ಲ ಲಿನಕ್ಸ್‌ನಲ್ಲೇ ಓಡುತ್ತವೆ. ನಾವು ರ‍್ಯಾಮ್ ಹಾಕಿದ 12ರಲ್ಲಿ ಉಬುಂಟು 24.04 ಹಾಕಿದೆವು, ಅದಕ್ಕೆ 2029ರವರೆಗೆ ಮಾಮೂಲಿ ಅಪ್‌ಡೇಟ್ ಇದೆ. ನಿಮ್ಮ ಯಂತ್ರಗಳು 8ನೇ ತಲೆಮಾರು ಅಥವಾ ಮೇಲಿನವಾದರೆ ಹೊಸದರ ಮಾತೇ ಬೇಡ, ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿ ಕಣ್ಣು ಮುಚ್ಚಿ ನಾಲ್ಕೈದು ವರ್ಷ ಓಡಿಸಿ.

ದುಡ್ಡಿನ ಲೆಕ್ಕ

ಬೆಲೆ ವಾರಕ್ಕೊಮ್ಮೆ ಬದಲಾಗುತ್ತಿದೆ, ಹಾಗಾಗಿ ಕೆಳಗಿನದು ಲೆಕ್ಕದ ರೀತಿ ತೋರಿಸಲು ಮಾತ್ರ, ನಿಮ್ಮ ಕೊಟೇಶನ್‌ನ ಅಂಕಿ ಹಾಕಿಕೊಳ್ಳಿ. ಎಸ್‌ಎಸ್‌ಡಿ, ಬ್ರಾಕೆಟ್, ಕೇಬಲ್ ಸೇರಿ ಒಂದಕ್ಕೆ 2,500, 4 ಜಿಬಿ ಕಡ್ಡಿಗೆ 2,000, ಹೊಸ ಯಂತ್ರಕ್ಕೆ 45,000 ರೂಪಾಯಿ ಎಂದಿಟ್ಟುಕೊಳ್ಳೋಣ, ಎಲ್ಲ 18% ಜಿಎಸ್‌ಟಿ ಸೇರಿ. 30ಕ್ಕೂ ಎಸ್‌ಎಸ್‌ಡಿ ಮಾತ್ರ ಎಂದರೆ 75,000. ಅದರ ಜೊತೆ 12ಕ್ಕೆ ರ‍್ಯಾಮ್ ಸೇರಿದರೆ 99,000. ಎಲ್ಲಕ್ಕೂ ಎರಡೂ ಎಂದರೆ 1,35,000, ಅದೂ ಆ 8 ಜಿಬಿ ಕಡ್ಡಿಗಳ ಹೆಚ್ಚುವರಿ ಬಿಟ್ಟು. ಎಲ್ಲ ಹೊಸದು ಎಂದರೆ 13,50,000. ಒಂದು ಎಸ್‌ಎಸ್‌ಡಿ, ಒಂದು ಕಡ್ಡಿ ಸ್ಪೇರ್ ಸೇರಿಸಿಯೇ ಕೇಳಿ. ಒಂದು ಕೆಟ್ಟರೆ ಮೈಸೂರಿಗೆ ಓಡಾಡುವ ಬಸ್ ಚಾರ್ಜ್, ರಜೆ ಎರಡೂ ಉಳಿಯುತ್ತವೆ.

ಬ್ರಾಕೆಟ್, ಕೇಬಲ್ ಅನ್ನುವುದನ್ನು ಮರೆತರೆ ಪಾಡು ನೋಡಬೇಡಿ. ಇನ್ನೊಂದು ಲ್ಯಾಬಿನವರು ಎಸ್‌ಎಸ್‌ಡಿ ಮಾತ್ರ ತರಿಸಿ, ಕೇಬಲಿಗೆ ಮತ್ತೊಂದು ಮಂಜೂರಾತಿ ಬೇಕಾಗಿ ಒಂದು ತಿಂಗಳು ಪೆಟ್ಟಿಗೆ ನೋಡುತ್ತಾ ಕೂತಿದ್ದರು. ಕಡೆಗೆ ಹಾರ್ಡ್ ಡಿಸ್ಕಿನ ಕೇಬಲನ್ನೇ ಕಿತ್ತು ಎಸ್‌ಎಸ್‌ಡಿಗೆ ಹಾಕಿದರು, ಡಬಲ್ ಸೈಡ್ ಟೇಪಿನಿಂದ ಅಂಟಿಸಿದರು. ಅದು ತಪ್ಪೂ ಅಲ್ಲ, ಒಳಗೆ ತಿರುಗುವುದು ಏನೂ ಇಲ್ಲವಲ್ಲ.

ಪತ್ರ

ಪತ್ರ ಕೊಡುವ ಮುಂಚೆ ಒಂದು ಯಂತ್ರಕ್ಕೆ ಹಾಕಿ ತೋರಿಸಿ. ನಾನು ನನ್ನ ಮನೆಯ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಬಿಚ್ಚಿ ತಂದಿದ್ದೆ. ಮೇಡಂ ಅವರನ್ನು ಐದು ನಿಮಿಷಕ್ಕೆ ಕರೆದೆ, ಅಕ್ಕಪಕ್ಕದ ಎರಡು ಯಂತ್ರದ ಬಟನ್ ಒಟ್ಟಿಗೆ ಒತ್ತಿದೆ. ಒಂದರಲ್ಲಿ ನಾನು ಪ್ರೋಗ್ರಾಂ ಬರೆದು ಓಡಿಸಿ ಮುಗಿಸಿದರೂ ಇನ್ನೊಂದರ ಲಾಲ್ ಬಲ್ಬು ಮಿಣುಕುತ್ತಲೇ ಇತ್ತು. "ಎಷ್ಟಾಗುತ್ತೆ?" ಅಂದರು. ಮಾತು ಅಷ್ಟೇ.

ಪತ್ರ ಒಂದೇ ಪುಟ ಇರಲಿ. ಅವರು ನೋಡುವುದು ಮೊತ್ತ, ಕಾರಣ, ಆಯ್ಕೆ ಮತ್ತು ಹೊಣೆ ಯಾರದು ಅನ್ನುವುದನ್ನು. ನನ್ನ ಪತ್ರದ ಒಡಲು ಹೀಗಿತ್ತು:

> ಮಾನ್ಯರೇ,
>
> ವಿಷಯ: ಬಿಸಿಎ ಪ್ರಯೋಗಾಲಯದ 30 ಕಂಪ್ಯೂಟರ್‌ಗಳಿಗೆ ಎಸ್‌ಎಸ್‌ಡಿ ಹಾಗೂ ಹೆಚ್ಚುವರಿ ರ‍್ಯಾಮ್ ಅಳವಡಿಸುವ ಬಗ್ಗೆ.
>
> ಪ್ರಯೋಗಾಲಯದ ಕಂಪ್ಯೂಟರ್‌ಗಳು ಆನ್ ಆಗಿ ಕೆಲಸಕ್ಕೆ ಸಿದ್ಧವಾಗಲು ಸರಾಸರಿ ನಾಲ್ಕೂವರೆ ನಿಮಿಷ ಬೇಕಾಗುತ್ತಿದೆ. ವಿದ್ಯುತ್ ಹೋಗಿ ಬಂದಾಗಲೆಲ್ಲ ಅಷ್ಟೇ ಸಮಯ ಮತ್ತೆ ಹೋಗುತ್ತದೆ. ಪರೀಕ್ಷಾರ್ಥವಾಗಿ ಒಂದು ಕಂಪ್ಯೂಟರ್‌ಗೆ ಎಸ್‌ಎಸ್‌ಡಿ ಅಳವಡಿಸಿದಾಗ ಈ ಸಮಯ ಒಂದು ನಿಮಿಷಕ್ಕಿಂತ ಕಡಿಮೆಯಾಗಿದೆ.
>
> ಆದ್ದರಿಂದ 30 ಕಂಪ್ಯೂಟರ್‌ಗಳಿಗೆ ಬ್ರಾಕೆಟ್, ಕೇಬಲ್ ಸಹಿತ 240 ಜಿಬಿ ಸಾಟಾ ಎಸ್‌ಎಸ್‌ಡಿ, 12 ಕಂಪ್ಯೂಟರ್‌ಗಳಿಗೆ 4 ಜಿಬಿ ಡಿಡಿಆರ್3 ರ‍್ಯಾಮ್ ಹಾಗೂ ತಲಾ ಒಂದು ಹೆಚ್ಚುವರಿ ಕೋರುತ್ತೇನೆ. ಹಣ ಸಾಲದಿದ್ದಲ್ಲಿ ಈಗ ಎಸ್‌ಎಸ್‌ಡಿ ಮಾತ್ರ ಮಂಜೂರು ಮಾಡಿ, ರ‍್ಯಾಮ್ ಅನ್ನು ಮುಂದಿನ ವರ್ಷಕ್ಕೆ ಪರಿಗಣಿಸಬಹುದು. ಮೂರು ಕೊಟೇಶನ್ ಹಾಗೂ ಹೋಲಿಕೆ ಪಟ್ಟಿ ಲಗತ್ತಿಸಿದೆ.
>
> ಈ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 11 ಅಳವಡಿಸಲಾಗದು. ಇವನ್ನು ಇನ್ನು ಮೂರು ವರ್ಷ ಪ್ರೋಗ್ರಾಮಿಂಗ್ ಪ್ರಾಯೋಗಿಕ ತರಗತಿಗಳಿಗೆ ಮಾತ್ರ ಬಳಸುವ ಉದ್ದೇಶವಿದೆ. ಅಳವಡಿಕೆಯನ್ನು ವಿಭಾಗದಿಂದಲೇ ಮಾಡಲಾಗುವುದು, ಪ್ರತ್ಯೇಕ ಕೂಲಿ ಇರುವುದಿಲ್ಲ. ತೆಗೆದ ಹಾರ್ಡ್ ಡಿಸ್ಕ್‌ಗಳನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಲಾಗುವುದು.

ಆ "ಹಣ ಸಾಲದಿದ್ದಲ್ಲಿ" ಅನ್ನುವ ವಾಕ್ಯ ಬಿಡಬೇಡಿ. ಒಂದೇ ಬೇಡಿಕೆ ಬರೆದರೆ ಬರುವ ಉತ್ತರ ಹೌದು ಅಥವಾ ಇಲ್ಲ. ಎರಡು ಆಯ್ಕೆ ಬರೆದರೆ ಯಾವುದು ಎಂಬ ಮಾತು ಶುರುವಾಗುತ್ತದೆ.

ಮೂರೂ ಕೊಟೇಶನ್‌ನಲ್ಲಿ ಒಂದೇ ವಿವರಣೆ ಇರಬೇಕು: 2.5 ಇಂಚು, ಸಾಟಾ, 240 ಜಿಬಿಗೆ ಕಡಿಮೆಯಿಲ್ಲದ್ದು, 3 ವರ್ಷ ವಾರಂಟಿ. ಇಲ್ಲವಾದರೆ ಒಬ್ಬರು 120 ಜಿಬಿಗೆ, ಇನ್ನೊಬ್ಬರು ಹೆಸರೇ ಕೇಳದ ಕಂಪನಿಗೆ ದರ ಕೊಟ್ಟು, ಕಡಿಮೆ ದರದವರಿಗೇ ಆರ್ಡರ್ ಹೋಗುತ್ತದೆ. "ವಿಂಡೋಸ್ ಲೈಸೆನ್ಸ್ ಮತ್ತೆ ಕೊಳ್ಳಬೇಕಾ?" ಎಂದು ಕಚೇರಿಯಿಂದ ಕೇಳಿದರೆ, ಕಂಪ್ಯೂಟರಿನ ಜೊತೆ ಬಂದ ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕಿಗಲ್ಲ ಎಂದು ಹೇಳಿ.

ಮಂಜೂರಾದ ಮೇಲೆ ಬಯೋಸ್‌ನಲ್ಲಿ AHCI ಇದೆಯಾ ನೋಡಿಕೊಂಡು ಆಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಇನ್‌ಸ್ಟಾಲ್ ಆದ ಮೇಲೆ ಬದಲಿಸಿದರೆ ನೀಲಿ ಪರದೆ ಬರಬಹುದು. ಒಂದನ್ನು ಪೂರ್ತಿ ಸಿದ್ಧ ಮಾಡಿ ಕ್ಲೋನ್‌ಜಿಲ್ಲಾದಲ್ಲಿ ನಕಲು ಮಾಡಿದರೆ ಉಳಿದವು ಬೇಗ ಮುಗಿಯುತ್ತವೆ. 500 ಜಿಬಿಯ ಹಳೆಯ ಡಿಸ್ಕಿನಿಂದ ನೇರ 240ಕ್ಕೆ ನಕಲು ಮಾಡಲು ಹೋಗಬೇಡಿ, ಚಿಕ್ಕ ಡಿಸ್ಕಿಗೆ ಅದು ಸುಲಭಕ್ಕೆ ಒಪ್ಪುವುದಿಲ್ಲ. ನಾವು ಮಳೆ ರಜೆ ಕೊಟ್ಟ ಎರಡು ದಿನ ಮಾಡೋಣ ಎಂದು ಉಪಾಯ ಹಾಕಿದ್ದೆವು. ರಜೆ ಕೊಡುವಷ್ಟು ಮಳೆ ಬಂದರೆ ಕರೆಂಟ್ ಇರುವುದಿಲ್ಲ ಎನ್ನುವುದು ಲ್ಯಾಬಿಗೆ ಬಂದು ಸ್ಕ್ರೂ ಡ್ರೈವರ್ ಹಿಡಿದು ಕೂತ ಮೇಲೆ ಹೊಳೆಯಿತು. ಕೊನೆಗೆ ಕಾವೇರಿ ಸಂಕ್ರಮಣದ ರಜೆ ಕಳೆದ ಮೇಲಿನ ಶನಿವಾರ, ಭಾನುವಾರ ಮೂರು ಜನ ಸೇರಿ ಮುಗಿಸಿದೆವು. ಪ್ರತಿ ಎಸ್‌ಎಸ್‌ಡಿಯ ಸೀರಿಯಲ್ ನಂಬರನ್ನು ಯಂತ್ರದ ನಂಬರಿನ ಪಕ್ಕದಲ್ಲಿ ಬರೆದಿಟ್ಟೆ. ಜನವರಿಯಲ್ಲಿ 17ನೇ ಯಂತ್ರದ ಎಸ್‌ಎಸ್‌ಡಿ ಸತ್ತಾಗ ಸ್ಪೇರ್ ಹಾಕಿ, ಆ ಪಟ್ಟಿ ಮತ್ತು ಬಿಲ್ ತೋರಿಸಿದ್ದಕ್ಕೆ ಬದಲಿ ಬಂತು.